ಒತ್ತಾಯ

ಬೈಸಿಕೊಳ್ಳುವುದಕ್ಕೂ ಯೋಗ್ಯತೆ ಬೇಕು ಎಂದು ಅರ್ಚನಾ ಹಿಂದಿನ ಮಧ್ಯಾಹ್ನ ಡೈರಿಯಲ್ಲಿ ಬರೆದಿದ್ದಳು. ಬರೆದ ಮೇಲೆ ಅದು ಜಾಣೆಯ ಮಾತಿನಂತೆ ಕಂಡು, ತನ್ನ ಮೇಲೆ ತನಗೇ ಸಿಟ್ಟು ಬಂದು, ಅಡ್ಡಗೆರೆ ಎಳೆದಿದ್ದಳು. ಆದರೆ ಮಾತು ಸುಳ್ಳಾಗಿರಲಿಲ್ಲ. ತುಕ್ಕಾನಟ್ಟಿಯ ಈ ಮನೆಗೆ ಮಾಘದಲ್ಲಿ ಸೊಸೆಯಾಗಿ ಬಂದವಳು ಶ್ರಾವಣ ಕಂಡರೂ ಅತ್ತೆ ಉದ್ದವ್ವನ ಬಾಯಿಂದ ಒಂದು ಗಡಸು ಮಾತು ಕೇಳಿರಲಿಲ್ಲ. ಹಿರಿಯ ಸೊಸೆ ಶೋಭಾಳಿಗೆ ಹೊತ್ತು ಹುಟ್ಟುವ ಮೊದಲೇ ಶುರುವಾಗುತ್ತಿತ್ತು. 'ಏ ಶೋಭಾ, ಕಣ್ಣ ಎಲ್ಲಿಟ್ಟಿ? ಹಾಲ ಉಕ್ಕಿ ಒಲಿ ತುಂಬ ಹರದೈತಿ ನೋಡಲ್ಲಿ!' ಅದೇ ಉಸಿರಿನಲ್ಲಿ ಉದ್ದವ್ವ ಈ ಕಡೆ ತಿರುಗಿ, ಸೀರೆಯ ಸೆರಗು ಸರಿಮಾಡಿಕೊಂಡು, 'ನೀವ್ಯಾಕ್ರಿ ಎದ್ರಿ ಇಷ್ಟ ಲಗೂನ? ಮಕ್ಕೋರಿ' ಅನ್ನುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಗಂಡುಮಕ್ಕಳಿಬ್ಬರಿಗೂ ಏಕವಚನ, ಹಿರಿಯ ಸೊಸೆಗೆ ಏಕವಚನ, ಹಟ್ಟಿಯ ದೇವರಿಗೂ ಏಕವಚನ. ಇಡೀ ಮನೆಯಲ್ಲಿ ಮರ್ಯಾದೆ ಸಿಗುತ್ತಿದ್ದುದು ಊರ ಡಾಕ್ಟರಿಗೆ ಮತ್ತು ಅರ್ಚನಾಳಿಗೆ. ಬಾಗಿಲ ಹೊರಗೆ ಬೂಟು ಬಿಟ್ಟು, ಬಿಸ್ಕೀಟು ತಿಂದು, ಡಾಕ್ಟರಾದರೂ ಎದ್ದು ಹೋಗುತ್ತಿದ್ದರು. ಅರ್ಚನಾ ಎಲ್ಲಿಗೆ ಹೋಗಬೇಕು?

ಅವಳು ಕೂಡ ಕುರಿಗಾರರ ವಂಶದವಳೇ. ಆದರೆ ಹುಕ್ಕೇರಿ ಕಡೆಯ ಅವರ ಮನೆಯಲ್ಲಿ ಅಜ್ಜನ ಕಾಲಕ್ಕೇ ಕುರಿ ಹೋಗಿ, ಅಪ್ಪ ಸಾಲಿ ಮಾಸ್ತರನಾಗಿ, ಕಂಬಳಿ ಎಂಬುದು ಚಳಿಗಾಲದ ವಸ್ತುವಾಗಿತ್ತು. ಇಲ್ಲಿ ಹಾಗಲ್ಲ. ಮಾವ ಪರಸಪ್ಪ ಇನ್ನೂ ಕುರಿ ಬೆನ್ನಿಗೆ ನಡೆಯುವ ಮನುಷ್ಯ, ಶೋಭಾಳ ಗಂಡ ದೊಡ್ಡ ಹಿಂಡಿನ ಜೊತೆ ತಿಂಗಳುಗಟ್ಟಲೆ ಪರಊರಿನಲ್ಲಿ. ಮನೆಗೆ ಯಾರೇ ಬರಲಿ ಮೊದಲು ಕರಿ ಕಂಬಳಿ ಬರುತ್ತದೆ, ಆಮೇಲೆ ನೀರು. ಮದುವೆಯಾಗಿ ಹೊಸ್ತಿಲು ದಾಟಿದ ದಿನ ಅವಳಿಗೂ ಕಂಬಳಿ ಹಾಸಿದ್ದರು. ಮರುದಿನವೂ ಹಾಸಿದರು. ಗೋಡೆಗೆ ಸುರುಳಿ ಸುತ್ತಿ ಇಟ್ಟಿದ್ದನ್ನು ಅವಳು ಬರುತ್ತಿರುವುದು ಕಂಡೊಡನೆ ಉದ್ದವ್ವ ಝಾಡಿಸಿ ಹಾಸುವುದು, ತಾನು ಬರಿ ನೆಲಕ್ಕೆ ಕೂರುವುದು. ಒಂದು ದಿನ ಅರ್ಚನಾ ಕಂಬಳಿ ಬಿಟ್ಟು ಶೋಭಾಳ ಬಾಜೂ ನೆಲದ ಮೇಲೆ ಕೂತಳು. ಉದ್ದವ್ವ ಎದ್ದು ಬಂದು ಕಂಬಳಿಯನ್ನು ಅಲ್ಲಿಗೇ ಎಳೆದು ತಂದು, ಅವಳು ಏಳುವವರೆಗೆ ಕೈಯಲ್ಲಿ ಹಿಡಿದು ನಿಂತಳು. ಊಟಕ್ಕೂ ಅಷ್ಟೇ. ತವರಿನವರು ಕೊಟ್ಟ ಭಾಂಡೆಗಳಲ್ಲಿ ಒಂದು ತಾಟು, ಒಂದು ಲೋಟ ಇವಳಿಗೆಂದೇ ಹಲಗೆಯ ಮೇಲೆ ಬೇರೆ. ತಾಟಿನ ಅಂಚಿಗೆ ಅಪ್ಪನ ಹೆಸರು ಕೊರೆಸಿತ್ತು. ದಿನಾ ಎರಡು ಹೊತ್ತು ಅವಳು ಅಪ್ಪನ ಹೆಸರಿನ ಎದುರು ಕೂತು ಉಣ್ಣುತ್ತಿದ್ದಳು. ಶೋಭಾಳ ತವರಿನ ತಾಟುಗಳು ಯಾವವೆಂದು ಶೋಭಾಳಿಗೇ ಗೊತ್ತಿರಲಿಲ್ಲ, ಎಲ್ಲದರ ಜೊತೆ ಬೆರೆತು, ಕುರಿಮರಿಗೆ ನೀರಿಡುವ ಮಟ್ಟಕ್ಕೆ ಇಳಿದು ಹೋಗಿದ್ದವು.

ಡೈರಿ ಗಂಡ ಕೊಟ್ಟದ್ದು. ಮಾಲಿಂಗ ಘಟಪ್ರಭಾದಲ್ಲಿ ಔಷಧದ ಅಂಗಡಿ ಇಟ್ಟಿದ್ದ. ಕಂಪನಿಯವರು ಕೊಡುವ ಡೈರಿ, ಪ್ರತಿ ಪುಟದ ಕೆಳಗೂ ಕೆಮ್ಮಿನ ಔಷಧದ ಜಾಹೀರಾತು. 'ಕಲತಾಕಿ ಅದಿ, ಬ್ಯಾಸರಾದ್ರ ಏನರ ಬರಿ' ಎಂದು ಕೊಟ್ಟಿದ್ದ. ಅವನ ಪ್ರೀತಿ ಹೀಗೆ ಅಂಗಡಿಯಲ್ಲಿ ಉಳಿದದ್ದನ್ನು ಮನೆಗೆ ತರುವಂಥದು, ಅದರಲ್ಲಿ ಮೋಸವಿರಲಿಲ್ಲ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಹಿತ್ತಲ ತಗಡಿನ ನೆರಳಿಗೆ ಕೂತು ಅವಳು ಬರೆಯುತ್ತಿದ್ದಳು. ಮೊದಮೊದಲು ಉತ್ಸಾಹ. 'ಇಲ್ಲಿ ಗಂಡಸರು ಉಂಡ ಮೇಲೆ ಅತ್ತೆ, ಅತ್ತೆ ಉಂಡ ಮೇಲೆ ಶೋಭಾ ಅಕ್ಕ. ನಾನು ಗಂಡಸರ ಜೊತೆ. ಒಲ್ಲೆ ಅಂದರೆ ಅತ್ತೆ ತಾವೂ ಉಣ್ಣುವುದಿಲ್ಲ.' 'ನೀರಿನ ಹಂಡೆ ಮುಟ್ಟಬಹುದು. ಹಿಟ್ಟಿನ ಡಬ್ಬಿ ಮುಟ್ಟಿದರೆ ಅಕ್ಕ ಬಂದು ಕೈಯಿಂದ ಇಸಿದುಕೊಳ್ಳುತ್ತಾರೆ, ನಗುತ್ತಲೇ.' 'ಜಳಕದ ಮನೆಯಲ್ಲಿ ಎಲ್ಲರ ಅರಿವೆಗೂ ಗೂಟವಿದೆ. ನನ್ನದನ್ನು ಬಾಗಿಲ ಮೇಲೆ ಹಾಕುತ್ತೇನೆ. ಬೀಳುತ್ತದೆ.' ಒಂದು ಸಲ 'ಮನೆಗೆ ಫೋನು ಮಾಡಿದೆ' ಎಂದು ಬರೆದು ಪೆನ್ನು ನಿಲ್ಲಿಸಿದಳು. ಮನೆ ಎಂದರೆ ಹುಕ್ಕೇರಿ ಕಡೆಯದು ಎಂದು ಕೈ ತಾನಾಗಿಯೇ ತೀರ್ಮಾನ ಮಾಡಿಬಿಟ್ಟಿತ್ತು. ಅಂದಿನಿಂದ ಹಟ ಹಿಡಿದು ಇದನ್ನು 'ನಮ್ಮ ಮನೆ' ಎಂದೂ ಅದನ್ನು 'ಅಪ್ಪನ ಮನೆ' ಎಂದೂ ಬರೆಯತೊಡಗಿದಳು. ಬರೆದಾಗೆಲ್ಲ ಪರೀಕ್ಷೆಯಲ್ಲಿ ಬಾಯಿಪಾಠದ ಉತ್ತರ ಒಪ್ಪಿಸಿದಂತಿರುತ್ತಿತ್ತು. ಉದ್ದವ್ವನಿಗೆ ಓದು ಬಾರದು. ಆದರೆ ಒಮ್ಮೆ ಬರೆಯುತ್ತಿದ್ದವಳ ಹತ್ತಿರ ಬಂದು, ಕಾಗದ ನೋಡಿ, ಮುಖ ನೋಡಿ, 'ನಮ್ಮವು ತಪ್ಪ ಭಾಳ ಅದಾವೇನ್ರಿ? ಬರಕೋರಿ, ಬರಕೋರಿ' ಎಂದು ನಕ್ಕು ಹೋದಳು. ಆ ನಗೆಗೆ ಅರ್ಚನಾಳ ಕಿವಿ ಬಿಸಿಯಾಯಿತು. ಬರೆಯುವವಳನ್ನು ಯಾರು ತಾನೇ ಮನೆಯವಳು ಎಂದಾರು? ಪುಸ್ತಕ ಮುಚ್ಚಿಟ್ಟು ಒಂದು ವಾರ ತೆಗೆಯಲಿಲ್ಲ. ಆ ವಾರದಲ್ಲೂ ಯಾರೂ ಅವಳನ್ನು ಬೈಯಲಿಲ್ಲ.

ಒಂದೇ ಒಂದು ಸಲ ರೊಟ್ಟಿಗೆ ಕೂತಿದ್ದಳು. ಶೋಭಾ ಹೊರಗಾದಾಗ, ಯುಗಾದಿಯ ಆಚೀಚೆ. ಹಿಟ್ಟಿಗೆ ಎಸರು ಹೊಯ್ದು, ಕೈ ಸುಟ್ಟುಕೊಂಡು ನಾದಿ, ತಟ್ಟತಟ್ಟುತ್ತ ಅಂಚು ಹರಿದು, ಅಂತೂ ಒಂದು ಬುಟ್ಟಿ ರೊಟ್ಟಿ ಮಾಡಿದಳು. ಉದ್ದವ್ವ ಒಂದನ್ನು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, 'ಭಾಳ ಛಲೋ ಆಗ್ಯಾವ್ರಿ, ಏನ ಕೈ!' ಎಂದಳು. ಆ ದಿನದ ಪುಟದಲ್ಲಿ ಅರ್ಚನಾ ಒಂದು ಹೂವು ಬರೆದಿದ್ದಳು, ಸಣ್ಣ ಹುಡುಗಿಯ ಹಾಗೆ. ಸಂಜೆ ಹಿತ್ತಲಿಗೆ ಹೋದಾಗ ಕುರಿದಡ್ಡಿಯ ನಾಯಿ ಅವಳ ರೊಟ್ಟಿಗಳ ಮೇಲೆ ಕಾಲಿಟ್ಟುಕೊಂಡು ನಿಧಾನಕ್ಕೆ ಹರಿಯುತ್ತಿತ್ತು. ಬುಟ್ಟಿಗೆ ಬುಟ್ಟಿಯೇ ಅಲ್ಲಿತ್ತು. ಒಳಗೆ ಉದ್ದವ್ವ, ಪರಸಪ್ಪ, ಮಾಲಿಂಗ ಎಲ್ಲರೂ ಪಕ್ಕದ ಮನೆಯಿಂದ ತಂದ ರೊಟ್ಟಿ ಉಣ್ಣುತ್ತಿದ್ದರು. ಯಾರೂ ಮುಚ್ಚಿಡಲಿಲ್ಲ, ಯಾರೂ ಹೇಳಲಿಲ್ಲ. ಅವಳ ತಾಟಿಗೂ ಪಕ್ಕದ ಮನೆಯದೇ ರೊಟ್ಟಿ ಬಿತ್ತು, ಅದು ತೆಳುವಾಗಿ ಚಂದವಾಗಿತ್ತು, ಅವಳು ಎರಡು ಉಂಡಳು. ಇದಕ್ಕೆಲ್ಲ ಮೂಲ ಮದುವೆಯ ದಿನ ಅರ್ಚನಾಳ ತಾಯಿ ಶಿವಗಂಗವ್ವ ಆಡಿದ ಮಾತು ಎಂದು ಶೋಭಾಳೇ ಒಮ್ಮೆ ಬಟ್ಟೆ ಒಗೆಯುತ್ತ ಹೇಳಿದ್ದಳು. ಹೆಣ್ಣೊಪ್ಪಿಸುವಾಗ ಕಣ್ಣೀರು ಒರೆಸಿಕೊಂಡು, ಎಲ್ಲರ ಎದುರು, 'ಅಂಗೈಯಾಗ ಇಟಗೊಂಡ ಬೆಳಸೀವ್ರಿ ಅಕ್ಕಾರ, ಪುಸ್ತಕಾ ಬಿಟ್ರ ಕೈಯಾಗ ಏನೂ ಹಿಡದಿಲ್ಲ' ಅಂದಿದ್ದಳಂತೆ. ಎಲ್ಲ ತಾಯಂದಿರೂ ಆಡುವ ಮಾತು. ಉದ್ದವ್ವ ಅದನ್ನು ಗಂಟು ಹಾಕಿಕೊಂಡಳು. 'ಅಂಗೈಯಾಗ ಇಟಗೋ ಅಂದಾರಲ್ಲ, ಇಟಗೋತೀನಿ' ಎಂದು ಶೋಭಾಳ ಹತ್ತಿರ ಹೇಳಿದ್ದಳಂತೆ. ಇದನ್ನು ಕೇಳಿದ ರಾತ್ರಿ ಅರ್ಚನಾಳಿಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ಅವ್ವನ ಮೇಲೆ.

ಈಗ ಪಂಚಮಿಗೆ ಶೋಭಾಳ ಅಣ್ಣ ಬಂದು ತಂಗಿಯನ್ನು ಮೇಲವಂಕಿಗೆ ಕರೆದುಕೊಂಡು ಹೋಗಿದ್ದ. ಅದೇ ಸಂಜೆ ಉದ್ದವ್ವ ಒಗೆಯುವ ಕಲ್ಲಿನ ಹತ್ತಿರ ಜಾರಿ ಮುಂಗೈ ಊರಿದಳು. ಬೆಳಿಗ್ಗೆ ಏಳುವಷ್ಟರಲ್ಲಿ ಮುಂಗೈ ಬದನೆಕಾಯಿಯಂತೆ ಬಾತಿತ್ತು. ಪಕ್ಕದ ಮನೆಯವರೂ ತವರಿಗೆ ಹೋಗಿದ್ದರು, ಹಬ್ಬವೇ ಅಂಥದು. ಪರಸಪ್ಪ ಬುತ್ತಿ ಕಟ್ಟಿಕೊಂಡು ಕುರಿ ಹೊಡೆಯಬೇಕು. ಉದ್ದವ್ವ ಒಲೆಯ ಮುಂದೆ ನಿಂತು, ತನ್ನ ಬಾತ ಕೈಯನ್ನೂ ಸೊಸೆಯ ಮುಖವನ್ನೂ ನೋಡಿ, ಬಹಳ ಹೊತ್ತಿನ ಮೇಲೆ ಹಿಟ್ಟಿನ ಡಬ್ಬಿಯನ್ನು ಕಾಲಿನಿಂದ ಇವಳ ಕಡೆ ತಳ್ಳಿದಳು. ಮಾತಿಲ್ಲ. ಆದರೆ 'ರೀ' ಕೂಡ ಇಲ್ಲ. ಈ ನಾಲ್ಕು ತಿಂಗಳು ಅರ್ಚನಾ ಸುಮ್ಮನಿರಲಿಲ್ಲ. ಶೋಭಾಳ ಕೈಯನ್ನು ಕದ್ದು ನೋಡಿದ್ದಳು, ನೋಡಿದ್ದನ್ನು ಡೈರಿಯಲ್ಲಿ ಬರೆದಿದ್ದಳು. 'ಎಸರು ಕುದಿಯುವಾಗಲೇ ಹೊಯ್ಯಬೇಕು. ಅಂಗೈಯ ಬುಡದಿಂದ ನಾದಬೇಕು, ಬೆರಳಿನಿಂದಲ್ಲ. ತಟ್ಟುವಾಗ ರೊಟ್ಟಿಯೇ ತಿರುಗಬೇಕು. ಹಂಚಿಗೆ ಹಾಕಿದೊಡನೆ ಮೇಲ್ಮೈಗೆ ಒದ್ದೆ ಅರಿವೆ ಸವರಬೇಕು, ತಡವಾದರೆ ಸೀಳುತ್ತದೆ.' ಈಗ ಅದನ್ನೆಲ್ಲ ನೆನೆಯುವ ಪುರಸೊತ್ತಿರಲಿಲ್ಲ. ಮೊದಲನೆಯದು ಹರಿಯಿತು. ಎರಡನೆಯದು ಕೆಳಗೆ ಹೊತ್ತಿತು. ಮೂರನೆಯದು ಹಂಚಿನ ಮೇಲೆ ಉಬ್ಬಿ ನಿಂತಿತು. ಉದ್ದವ್ವ ಗೋಡೆಗೆ ಒರಗಿ ಕೂತು ನೋಡುತ್ತಿದ್ದಳು, ಛಲೋ ಆಗ್ಯಾವ ಅನ್ನಲಿಲ್ಲ. ಪರಸಪ್ಪ ಆ ರೊಟ್ಟಿಗಳನ್ನೇ ಅರಿವೆಯಲ್ಲಿ ಸುತ್ತಿ, ಉಳ್ಳಾಗಡ್ಡಿ ಇಟ್ಟುಕೊಂಡು, ಕಂಬಳಿ ಹೆಗಲಿಗೇರಿಸಿ ಹೊರಟ. ಅರ್ಚನಾ ಬಾಗಿಲವರೆಗೆ ಹೋಗಿ, ಆ ಗಂಟು ನಾಯಿಯ ಹತ್ತಿರ ನಿಲ್ಲದೆ ಊರಾಚೆ ಹೋಯಿತೆಂದು ಖಾತ್ರಿ ಮಾಡಿಕೊಂಡು ಬಂದಳು.

ಮನೆಯ ಪಾಲಿನ ರೊಟ್ಟಿ ಬಡಿಯುತ್ತಿರುವಾಗಲೇ ಹೊರಗೆ 'ಅಕ್ಕಾರ, ಅದೀರೇನ್ರಿ ಮನ್ಯಾಗ?' ಎಂಬ ದನಿ ಕೇಳಿತು. ಅರ್ಚನಾಳಿಗೆ ದನಿ ಗೊತ್ತಾಯಿತು, ಗೊತ್ತಾದ ಕ್ಷಣವೇ ಕೈ ಹಿಟ್ಟಿನಲ್ಲಿ ನಿಂತಿತು. ಎರಡು ದಿನದ ಹಿಂದೆ ಫೋನಿನಲ್ಲಿ ಅಳು ಬಂದಂತಾಗಿ, ತಡೆದುಕೊಂಡು, ನೆಗಡಿ ಎಂದಿದ್ದಳು. ಅವ್ವ ನೆಗಡಿಯನ್ನು ನಂಬಿರಲಿಲ್ಲ. ಕರೆಯಲು ಬರಬೇಕಾದ ಅರ್ಚನಾಳ ತಮ್ಮನಿಗೆ ರಜೆ ಸಿಗದೆ ತಾನೇ ಹೊರಟು, ಹುಕ್ಕೇರಿಗೆ ಬಂದು, ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಕೈಚೀಲದಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ. ಉದ್ದವ್ವ ಒಂದೇ ಕೈಯಲ್ಲಿ ಕಂಬಳಿ ಹಾಸಿದಳು. 'ಬರ್ರಿ ಬೀಗತ್ಯಾರ, ಕುಂಡ್ರಿ.' ಶಿವಗಂಗವ್ವ ಕಂಬಳಿಯ ಅಂಚಿಗೆ ಮುದುಡಿ ಕೂತು, ಬಂದ ಕೆಲಸ ಹೇಳಿದಳು: ಮದುವೆಯಾಗಿ ಮೊದಲನೆಯ ಪಂಚಮಿ, ಮಗಳನ್ನು ನಾಲ್ಕು ದಿನ ಕಳಿಸಿಕೊಡಬೇಕು. ಒಳಗೆ ಒಲೆ ಉರಿಯುವ ಸದ್ದಿನ ನಡುವೆ ಅರ್ಚನಾ ಅತ್ತೆಯ ಉತ್ತರಕ್ಕೆ ಕಿವಿ ಕೊಟ್ಟಳು.

'ಕರಕೊಂಡ ಹೋಗ್ರಿ' ಎಂದಳು ಉದ್ದವ್ವ. 'ನಿಮ್ಮ ಮಗಳು, ನಿಮ್ಮ ಹಬ್ಬ. ಬ್ಯಾಡ ಅನ್ನಾಕ ನಾ ಯಾರು? ಒಲಿ ಏನ, ಈ ಒಂದ ಕೈಲೆ ಹೆಂಗರ ಹಚಗೋತೀನಿ. ಹಿರೇಕಿ ಬರೂತನಕಾ ನೀರ ಕುಡದರ ಇರ್ತೀವಿ.'

ಶಿವಗಂಗವ್ವ ಸರಳ ಹೆಂಗಸು, ಮಾತಿನ ಮುಳ್ಳು ಅವಳಿಗೆ ಕಾಣಲಿಲ್ಲ, ಬಾತ ಕೈ ಮಾತ್ರ ಕಂಡಿತು. 'ಅಯ್ಯ ನನ್ನವ್ವಾ, ಇಷ್ಟ ಬಾತೈತಿ!' ಎಂದು ಎದ್ದು ಸೀದಾ ಒಳಗೆ ಬಂದಳು. ಮಗಳು ಒಲೆಯ ಮುಂದೆ ಬೆವರು ಸುರಿಸುತ್ತಿರುವುದನ್ನು ಕಂಡು ಅವಳ ಕರುಳು ಹಿಂಡಿತು. ಹಲಗೆಯ ಮೇಲೆ ಗಂಡನ ಹೆಸರಿನ ತಾಟು ಫಳಫಳ ಹೊಳೆಯುವುದನ್ನು ಕಂಡು, ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಎಂದು ಸಂತೋಷವೂ ಆಯಿತು. ಆ ಎರಡೂ ಒಟ್ಟಿಗೆ ಅವಳ ಮುಖದಲ್ಲಿ ಕಾಣುತ್ತಿದ್ದುದನ್ನು ನೋಡಿ ಅರ್ಚನಾಳಿಗೆ ಅಸಹ್ಯವಾಯಿತು. 'ಏಳ ತಂಗಿ, ನಾ ಬಡೀತೀನಿ. ಹೊತ್ತಿಗಿ ಸಾಕಾಗುವಷ್ಟ ಮಾಡಿಟ್ಟ ಹೋಗೂಣು' ಎಂದು ಶಿವಗಂಗವ್ವ ಸೆರಗು ಸಿಕ್ಕಿಸಿ ಮಗಳ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡೇಬಿಟ್ಟಳು. ಬಾಗಿಲಲ್ಲಿ ಬಂದು ನಿಂತಿದ್ದ ಉದ್ದವ್ವನ ಕಡೆ ತಿರುಗಿ, ನಾಚಿಕೆಯಿಂದ, ಅದೇ ಮಾತು: 'ಪುಸ್ತಕಾ ಬಿಟ್ರ ಏನೂ ಹಿಡದಿಲ್ರಿ ಇಕಿ, ನೀವ ಸಂಭಾಳಿಸಿಕೊಂಡ ಹೊಂಟೀರಿ. ನಿಮ್ಮ ಪುಣ್ಯಾ.'

ಉದ್ದವ್ವ ನಕ್ಕಳು. 'ಬಡೀರಿ, ಬಡೀರಿ. ಮಗಳ ಬದಲಿ ಅವ್ವ. ಒಟ್ಟ ಒಲಿ ಉರದ್ರ ಸಾಕು.'

ಅರ್ಚನಾ ಅವ್ವನ ಕೈ ನೋಡಿದಳು. ಎಂಥ ಕೈ ಅದು, ಹಿಟ್ಟು ಅದರಡಿಯಲ್ಲಿ ತಾನೇ ದುಂಡಗಾಗಿ ಹಿಗ್ಗುತ್ತಿತ್ತು. ಬಾಲ್ಯದಲ್ಲಿ ಇದೇ ಕೈಯ ಮೊದಲ ರೊಟ್ಟಿ ಅವಳಿಗೆ, ಬೆಣ್ಣೆ ಸವರಿ ಸುರುಳಿ ಸುತ್ತಿ ಕೊಟ್ಟು, ಓದು ಹೋಗು, ಇಲ್ಲಿ ಹೊಗೆ, ಎಂದು ಹೊರಗೆ ಕಳಿಸುತ್ತಿದ್ದಳು. ಯಾವಾಗಲೂ ಹೊರಗೆ. ಒಂದು ದಿನವಾದರೂ ಒಲೆಯ ಮುಂದೆ ಕೂರಿಸಿಕೊಂಡಿದ್ದರೆ? ಬೆಳಿಗ್ಗೆಯಿಂದ ಉಬ್ಬಿದ ರೊಟ್ಟಿಗಳು, ಮಾವ ಕಟ್ಟಿಕೊಂಡು ಹೋದ ಬುತ್ತಿ, ಕಾಲಿನಿಂದ ತಳ್ಳಿದ ಡಬ್ಬಿ, ಎಲ್ಲವನ್ನೂ ಈ ಹೆಂಗಸು ಪ್ರೀತಿಯಿಂದಲೇ ಕಸಿದುಕೊಳ್ಳುತ್ತಿದ್ದಾಳೆ, ಇನ್ನೊಂದು ಗಳಿಗೆ ಬಿಟ್ಟರೆ ಕೈಹಿಡಿದು ಬಸ್ಸಿಗೂ ಹತ್ತಿಸುತ್ತಾಳೆ, ಮರಳಿ ಬಂದಾಗ ಕಂಬಳಿ ಹಾಸಿಯೇ ಇರುತ್ತದೆ ಎಂದು ಅವಳಿಗೆ ಹೊಳೆಯಿತು. ಅವಳು ಬಗ್ಗಿ ಅವ್ವನ ಕೈಯಿಂದ ಉಂಡೆ ಕಿತ್ತುಕೊಂಡಳು. ಒಂದು ಚೂರು ಅವ್ವನ ಬಳೆಗೆ ಅಂಟಿ ಉಳಿಯಿತು.

'ನೀವ್ಯಾಕ್ರಿ ಇಲ್ಲಿ ಬಂದ್ರಿ?' ಎಂದಳು. 'ಹೋಗಿ ಕಂಬಳಿ ಮ್ಯಾಲ ಕುಂಡ್ರಿ. ನಮ್ಮನ್ಯಾಗ ಬಂದವರನ್ನ ಒಲಿ ಮುಂದ ಕೂಡಸೂದಿಲ್ಲ.'

ಶಿವಗಂಗವ್ವ ಮಗಳ ಮುಖವನ್ನು ನೋಡಿದಳು. ಯಾರೊಂದಿಗೆ ಆಡಿದ ಮಾತಿದು ಎಂದು ಹಿಂದೆ ತಿರುಗಿಯೂ ನೋಡಿದಳು. ಆಮೇಲೆ ಮೆಲ್ಲಗೆ ಎದ್ದು, ಬಳೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಹೊರಗೆ ಹೋಗಿ ಕೂತಳು. ಮಾತು ಬಾಯಿಂದ ಹೊರಬಿದ್ದಾಗ ಅರ್ಚನಾಳಿಗೆ ನೋವಾಗಲಿಲ್ಲ. ಹಲ್ಲು ಕೀಳಿಸಿಕೊಂಡಾಗಿನ ಹಾಗೆ ಜಾಗವೆಲ್ಲ ಜೋಮು ಹಿಡಿದಿತ್ತು.

'ಹಸದ ಬಂದಿರಬೇಕು, ಬಡಸ್ರಿ' ಎಂದಳು ಉದ್ದವ್ವ. ಅಂದು, ತಾನು ಬಡಿಸಲು ಏಳದೆ, ಹೊಸ್ತಿಲ ಮೇಲೆ ಕೂತಳು. ಅಲ್ಲಿಂದ ಒಲೆಯೂ ಕಾಣುತ್ತಿತ್ತು, ಕಂಬಳಿಯೂ ಕಾಣುತ್ತಿತ್ತು.

ಈ ಸೀಮೆಯಲ್ಲಿ ಊಟಕ್ಕೆ ಕರೆದಾಗ ಮೊದಲ ಸಲಕ್ಕೇ ಹೂಂ ಅನ್ನುವವರು ಹಸುಗೂಸುಗಳು ಮಾತ್ರ. ಬಂದವರು ಒಲ್ಲೆ ಅನ್ನಬೇಕು, ಮನೆಯವರು ಆಣೆ ಹಾಕಬೇಕು, ಅವರು ಈಗಷ್ಟೇ ಉಂಡೆ ಅನ್ನಬೇಕು, ಇವರು ರಟ್ಟೆ ಹಿಡಿದು ಎಳೆದು ಕೂರಿಸಬೇಕು. ಕೂತ ಮೇಲೂ ತಾಟಿಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಬೇಕು. ಒತ್ತಾಯವಿಲ್ಲದ ಊಟವನ್ನು ಇಲ್ಲಿ ಊಟವೆಂದು ಕರೆಯುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿಲ್ಲ, ಮೊಲೆಹಾಲಿನ ಜೊತೆ ಬಂದದ್ದು. ಅರ್ಚನಾ ಹೊರಗೆ ಬಂದು ಕಂಬಳಿಯ ಎದುರು ನಿಂತಳು.

'ಊಟಾ ಮಾಡ್ತೀರೇನ್ರಿ?'

'ಒಲ್ಲೆ ತಂಗಿ. ಈಗ ಉಂಡ ಬಂದೀನಿ' ಎಂದಳು ಶಿವಗಂಗವ್ವ. ಸುಳ್ಳೆಂದು ಅರ್ಚನಾಳಿಗೆ ಗೊತ್ತಿತ್ತು. ಬಸ್ಸಿನಲ್ಲಿ ವಾಂತಿಯಾಗುತ್ತದೆಂದು ಅವ್ವ ಊರು ಬಿಡುವಾಗ ಚಹಾವನ್ನೂ ಕುಡಿಯುತ್ತಿರಲಿಲ್ಲ. ಒಳಗಿನಿಂದ ಬಿಸಿ ರೊಟ್ಟಿಯ ವಾಸನೆ, ಬೇಳೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವ್ವ ಒಲ್ಲೆ ಅಂದು ತಲೆ ತಗ್ಗಿಸಿ, ಎರಡನೆಯ ಮಾತಿಗೆ ಕಾಯುತ್ತಿದ್ದಳು. ಹೊಸ್ತಿಲ ಮೇಲೆ ಉದ್ದವ್ವ ಕೂಡ ಕಾಯುತ್ತಿದ್ದಳು. ರಟ್ಟೆ ಹಿಡಿದು ಎಳೆದರೆ ಅವ್ವ ಮಗಳು ಒಂದೇ ತಾಟಿಗೆ ಕೂತುಬಿಡುತ್ತಾರೆ, ಕೂತು ಅಳುತ್ತಾರೆ, ಅತ್ತು ಬಸ್ಸು ಹತ್ತುತ್ತಾರೆ. ಅರ್ಚನಾಳ ಬಾಯಿಯಲ್ಲಿ ಎರಡನೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಅದನ್ನು ನುಂಗಿದಳು.

'ಹಂಗಾದ್ರ ಬಿಡ್ರಿ' ಎಂದಳು.

ಶಿವಗಂಗವ್ವ ಚೀಲದಿಂದ ಉಂಡಿಯ ಡಬ್ಬಿ ತೆಗೆದು ಕಂಬಳಿಯ ಮೇಲಿಟ್ಟಳು. 'ಬರ್ತಿಯಿಲ್ಲೋ?' ಎಂದು ಕೇಳಿದಳು, ದನಿಯೇ ಇಲ್ಲದಂತೆ.

'ಹೆಂಗ ಬರ್ಲಿ? ಅತ್ತಿ ಕೈ ಹಿಂಗಾಗೇತಿ, ಮನಿ ಯಾರ ನೋಡ್ತಾರ?'

'ಖರೆ, ಖರೆ' ಎಂದು ಶಿವಗಂಗವ್ವ ಅವಸರದಿಂದ ಒಪ್ಪಿಕೊಂಡಳು, ಎಲ್ಲಿ ತನ್ನಿಂದ ಇನ್ನೊಂದು ತಪ್ಪಾದೀತೋ ಎಂಬಂತೆ. ಉದ್ದವ್ವನಿಗೆ ಕೈಮುಗಿದಳು. ಮಗಳ ಗಲ್ಲ ಮುಟ್ಟಲು ಕೈ ಎತ್ತಿ, ಏನೆನ್ನಿಸಿತೋ, ಸೆರಗು ಸರಿಮಾಡಿಕೊಂಡಳು. ಬಸ್ ನಿಲ್ಲುವಲ್ಲಿಗೆ ಕಳಿಸಿ ಬರುವುದು ಪದ್ಧತಿ. ಹಂಚು ಕಾದಿದೆ ಎಂದು ಅರ್ಚನಾ ಒಳಗೆ ಹೋದಳು. ಹಂಚು ನಿಜವಾಗಿಯೂ ಕಾದಿತ್ತು. ಕಿಟಕಿಯಲ್ಲಿ ಅವ್ವ ಸಂದಿ ತಿರುಗುವಲ್ಲಿ ಗೋಡೆಗೆ ಕೈಯೂರಿ ಒಂದು ಕ್ಷಣ ನಿಂತದ್ದು ಕಂಡಿತು. ತಲೆ ಸುತ್ತಿರಬೇಕು. ನಿಂತಳು, ಮತ್ತೆ ನಡೆದಳು. ಅರ್ಚನಾ ರೊಟ್ಟಿ ಮಗುಚಿದಳು.

ಉದ್ದವ್ವ ಬಂದು ಒಲೆಯ ಹತ್ತಿರವೇ ನೆಲಕ್ಕೆ ಕೂತಳು. ಕೈಗೆ ಸಿಕ್ಕ ತಾಟು ತೆಗೆದುಕೊಂಡು ರೊಟ್ಟಿ ಮುರಿದು, ಬೇಳೆಗೆ ಅದ್ದಿ, ಬಾಯಿಗಿಟ್ಟಳು. ಮುಖ ಕಿವುಚಿದಳು. 'ಏ ಅರ್ಚನಿ, ಉಪ್ಪ ಎಲ್ಲಿ ಸುರದಿ? ಬಾಯಾಗ ಇಡಾಕ ಬರ್ವಲ್ತು! ಲಕ್ಷ್ಯ ಎಲ್ಲೆ ಇರತೈತಿ ನಿಂದು? ಮೊದಲ ಆ ಭಾಂಡೆ ತೊಗೊಂಡ ಹೋಗಿ ತಿಕ್ಕು.'

ಅರ್ಚನಾಳ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂತು, ಅದರಲ್ಲಿ ಅನುಮಾನವೇ ಇಲ್ಲ, ಮೈಯೆಲ್ಲ ಬೆಚ್ಚಗಾಯಿತು. ಭಾಂಡೆ ತಿಕ್ಕುವಾಗ ತೋಳಿನವರೆಗೆ ಬೂದಿ ಮೆತ್ತಿಕೊಂಡು, ಅದನ್ನು ತೊಳೆಯದೆ ಬಹಳ ಹೊತ್ತು ಹಾಗೇ ಕೂತಿದ್ದಳು. ಮಧ್ಯಾಹ್ನ ತಗಡಿನ ನೆರಳಿಗೆ ಬಂದು ಡೈರಿ ಬಿಚ್ಚಿದಳು. ಬರೆಯಲು ಬೇಕಾದಷ್ಟಿತ್ತು. ಹಿಟ್ಟಿನ ಹದ, ಮಾವ ಕಟ್ಟಿಕೊಂಡು ಹೋದ ಬುತ್ತಿ, ಉಪ್ಪು ಹೆಚ್ಚಾದದ್ದು, ಅತ್ತೆ ಬೈದದ್ದು ಪದಕ್ಕೆ ಪದ. ಪುಟ ತುಂಬಿ ಕೆಮ್ಮಿನ ಔಷಧದ ಚಿತ್ರದ ಮೇಲೂ ಅಕ್ಷರ ಹತ್ತಿದವು. ಬರೆದದ್ದನ್ನು ಎರಡು ಸಲ ಓದಿದಳು. ಹುಕ್ಕೇರಿಯಿಂದ ಯಾರೋ ಬಂದಿದ್ದರೆಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸೇರಿಸಲೇ ಎಂದು ಪೆನ್ನು ಹಿಡಿದು ನೋಡಿದಳು, ಜಾಗವಿರಲಿಲ್ಲ.

ಸಂಜೆ ಮಾಲಿಂಗ ಅಂಗಡಿ ಮುಚ್ಚಿ ಬಂದು, ಕಾಲು ತೊಳೆದು, ಉಂಡಿಯ ಡಬ್ಬಿ ಕಂಡು ಒಂದನ್ನು ಬಾಯಿಗೆಸೆದುಕೊಂಡ. 'ಯಾರ ಬಂದಿದ್ರು?'

'ಬೀಗರು' ಎಂದಳು ಅರ್ಚನಾ. ಲಟ್ಟಣಿಗೆಯಂತೆ ದುಂಡಗೆ, ಸಲೀಸಾಗಿ ಉರುಳಿ ಬಂತು ಮಾತು. ಅವನು ಯಾವ ಬೀಗರು ಎಂದು ಕೇಳಲಿಲ್ಲ. ಅಣ್ಣನ ಹೆಂಡತಿಯ ಕಡೆಯವರೆಂದು ತಿಳಿದಿರಬೇಕು.

'ಊಟಾ ಮಾಡಿದ್ರಿಲ್ಲೋ?'

ಅರ್ಚನಾ ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ, ಬಾತ ಕೈಗೆ ಅರಿಸಿನ ಮೆತ್ತಿಕೊಳ್ಳುತ್ತ ಕೂತಿದ್ದ ಉದ್ದವ್ವ ಉತ್ತರ ಕೊಟ್ಟಳು.

'ಮಾಡದ ಹೆಂಗ ಹೋಗ್ತಾರ? ಒಲ್ಲೆ ಒಲ್ಲೆ ಅಂದ್ರೂ ಬಿಡಲಿಲ್ಲ, ನನ್ನ ಸೊಸಿ ರಟ್ಟಿ ಹಿಡದ ಕೂಡಿಸಿ ಬಡಸಿದ್ಲು.'

'ಹೂಂ' ಎಂದಳು ಅರ್ಚನಾ. 'ಹೊಟ್ಟಿ ತುಂಬ ಉಂಡ ಹೋದ್ರು.'